ಚಂದಾ ಲೆಕ್ಕ ಎಲ್ಲಿ ತಪ್ಪುತ್ತದೆ?

ಗಣೇಶೋತ್ಸವದ ಚಂದಾ ಪಟ್ಟಿಯಲ್ಲಿ ಜನ ಮೊದಲು ಮೊತ್ತ ನೋಡುತ್ತಾರೆ. ಲೆಕ್ಕ ಬಲ್ಲವರು ನೋಡುವುದು ರಸೀದಿ ನಂಬರು.

| ರಸೀದಿ | ದಾನಿ | ಮೊತ್ತ (ರೂ.) | ಈವರೆಗಿನ ಒಟ್ಟು |
|---|---|---|---|
| 101 | ಕಿರಾಣಿ ಅಂಗಡಿ | 500 | 500 |
| 102 | ರದ್ದು | 0 | 500 |
| 103 | ಮೂಲೆಮನೆ | 251 | 751 |
| 104 | ಹೋಟೆಲ್ | 1,001 | 1,752 |

102ರಲ್ಲಿ ಹೆಸರು ತಪ್ಪಿತ್ತು. ಅದನ್ನು ಹರಿದೆಸೆಯದೆ, ಅಡ್ಡಗೆರೆ ಹಾಕಿ ಪುಸ್ತಕದಲ್ಲೇ ಉಳಿಸಿ, ಪಟ್ಟಿಯಲ್ಲಿ ಸೊನ್ನೆ ಬರೆದಿದ್ದಾರೆ. ಆ ಸಾಲೇ ಇಲ್ಲದಿದ್ದರೆ ದುಡ್ಡು ಯಾರ ಜೇಬಿಗೆ ಹೋಯಿತೆಂಬ ಗುಸುಗುಸು ವಿಸರ್ಜನೆ ಮುಗಿದರೂ ನಿಲ್ಲದು.

ಹಿಂದಿನ ಒಟ್ಟಿಗೆ ಹೊಸ ಮೊತ್ತ ಕೂಡಿಸುತ್ತಾ ಹೋದರೆ ಕೊನೆಯ ಕಾಲಂ ಸಿದ್ಧ. ರಾತ್ರಿ ಡಬ್ಬಿಯ ನಗದು, ಯುಪಿಐಯಲ್ಲಿ ಬಂದದ್ದು ಎರಡೂ ಸೇರಿ 1,752 ಆಗಬೇಕು. 1,501 ಮಾತ್ರ ಇದ್ದರೆ ಕೊರತೆ 251. ಮೂಲೆಮನೆಯವರು ‘ನಾಳೆ ಕೊಡ್ತೀವಿ’ ಅಂದಾಗಲೇ ಹುಡುಗರು ರಸೀದಿ ಕೊಟ್ಟಿರಬೇಕು, ಮೊದಲು ಅವರನ್ನೇ ಕೇಳಿ.