ಯುಗಾದಿ ಶುಭಾಶಯಕ್ಕೆ ಪದ್ಯ ಸೇರಿಸುವ ಮುನ್ನ

ಯುಗಾದಿ ಬಂತೆಂದರೆ ಬೇಂದ್ರೆಯವರ ‘ಯುಗಾದಿ’ ಕವಿತೆಯ ಮೊದಲ ಸಾಲುಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. 1963ರ ‘ಕುಲವಧು’ ಚಿತ್ರದಲ್ಲಿ ಎಸ್. ಜಾನಕಿ ಹಾಡಿದ ಆ ಕವಿತೆ ಈಗ ನಮಗೆಲ್ಲ ಹಬ್ಬದ ಹಾಡೇ ಆಗಿಹೋಗಿದೆ. ಆದರೆ ಪೂರ್ತಿ ಓದಿದವರಿಗೆ ಗೊತ್ತು, ಅದು ಬರೀ ಸಂಭ್ರಮದ ಪದ್ಯವಲ್ಲ.

ಮೊದಲಿಗೆ ಹೊಂಗೆಯ ಹೂವು, ದುಂಬಿಯ ಸಂಗೀತ, ಹೂಬಿಟ್ಟ ಮಾವು ಬರುತ್ತವೆ. ಆಮೇಲೆ ಕವಿ ದನಿ ಬದಲಿಸುತ್ತಾರೆ. ಉಳಿದ ಜೀವಜಾತಕ್ಕೆಲ್ಲ ವರ್ಷಕ್ಕೊಮ್ಮೆ ಹೊಸ ಹುಟ್ಟು ಸಿಗುವಾಗ ನಮಗೆ ಮಾತ್ರ ಒಂದೇ ಬಾಲ್ಯ, ಒಂದೇ ಹರೆಯ ಯಾಕೆ ಎಂದು ಕೇಳುತ್ತಾರೆ. ಸಾವಿನ ಮಾತೂ ಅಲ್ಲಿ ಬರುತ್ತದೆ. ಹಾಡು ಬಾಯಿಪಾಠ ಇರುವವರಿಗೆ ಮೊದಲೆರಡು ಸಾಲು ಕಂಡ ಕೂಡಲೇ ಮುಂದಿನದೂ ನೆನಪಾಗುತ್ತದೆ.

ಕವಿತೆಯನ್ನು ಪ್ರೀತಿಸುವ ಗೆಳೆಯನಿಗೆ, ನಿಮಗೆ ಕನ್ನಡ ಕಲಿಸಿದ ಮೇಷ್ಟ್ರಿಗೆ ಆ ದನಿಯೇ ಇಷ್ಟವಾದೀತು. ಅವರಿಗೆ ಇಡೀ ಕವಿತೆಯನ್ನೇ ಕಳಿಸಿ. ಅದೇ ವರ್ಷ ಮನೆಯವರನ್ನು ಕಳೆದುಕೊಂಡವರಿಗೆ ಆ ಪ್ರಶ್ನೆ ಎದೆಗೆ ಚುಚ್ಚುತ್ತದೆ. ಅನೇಕ ಮನೆಗಳಲ್ಲಿ ವರ್ಷಾಬ್ದಿಕ ಮುಗಿಯುವವರೆಗೆ ಹಬ್ಬವನ್ನೇ ಮಾಡುವುದಿಲ್ಲ. ಅಂಥವರಿಗೆ ಪದ್ಯ ಬೇಡ. “ಹಬ್ಬದ ದಿನ ನಿಮ್ಮ ನೆನಪಾಯಿತು, ಭಾನುವಾರ ಮನೆಗೆ ಬರುತ್ತೇವೆ” ಎಂದು ಬರೆದರೆ ಸಾಕು.

ಬೇವು-ಬೆಲ್ಲ ತಿನ್ನುವಾಗ ಹೇಳುವ ಸಂಸ್ಕೃತ ಶ್ಲೋಕವನ್ನೂ ಹೀಗೆಯೇ ಕಳಿಸುತ್ತಾರೆ. ನೂರು ವರ್ಷ ಆಯಸ್ಸು, ವಜ್ರದಂಥ ಮೈ, ಸಕಲ ಸಂಪತ್ತು, ಅರಿಷ್ಟಗಳ ನಾಶ, ಇವುಗಳಿಗಾಗಿ ಬೇವಿನ ಕುಡಿ ತಿನ್ನುವುದು ಎಂಬುದಷ್ಟೇ ಅದರ ಅರ್ಥ. ‘ನಿಮಗೆ ಒಳ್ಳೆಯದಾಗಲಿ’ ಎಂಬ ಮಾತು ಅದರಲ್ಲಿಲ್ಲ. ಹಾಗಾಗಿ ಕೆಳಗೊಂದು ಸಾಲು ಕನ್ನಡದಲ್ಲಿ ಸೇರಿಸಲೇಬೇಕು. ಮೂವತ್ತರ ಮಗಳಿಗೆ ನೂರು ವರ್ಷ ದೊಡ್ಡ ಹಾರೈಕೆ. ತೊಂಬತ್ತೇಳು ತುಂಬಿದ ಅಜ್ಜಿಗೆ ಅದೇ ಶ್ಲೋಕ ಕಳಿಸಿದರೆ ಇನ್ನು ಮೂರೇ ವರ್ಷ ಎಂದಂತಾಯಿತು! ಹಾಸಿಗೆ ಹಿಡಿದವರಿಗೆ ವಜ್ರದ ಮೈಯ ಮಾತು ಹಿತವೆನಿಸದು. ಅಜ್ಜಿಗೆ ಬರೆಯುವುದಾದರೆ, “ಮುಂದಿನ ಯುಗಾದಿಗೂ ನಿಮ್ಮ ಕೈಯಿಂದಲೇ ಬೇವು-ಬೆಲ್ಲ ತಿನ್ನಬೇಕು ಅಂತ ಆಸೆ ಅಜ್ಜಿ, ಆರೋಗ್ಯವಾಗಿರಿ” ಅನ್ನಿ.

ಪದ್ಯ ಆರಿಸುವಾಗ ಫಾರ್ವರ್ಡ್ ಆಗಿ ಬಂದ ಚಿತ್ರವನ್ನು ನಂಬಬೇಡಿ. ಅದರಲ್ಲಿ ಅಕ್ಷರ ತಪ್ಪಿರಬಹುದು, ಕವಿಯ ಹೆಸರೇ ಬೇರೆಯಾಗಿರಬಹುದು. ಕವಿಯ ಸಂಕಲನ ತೆಗೆದು ಪದ್ಯವನ್ನು ಕೊನೆಯವರೆಗೆ ಓದಿ. ಗಾದೆಯಾದರೆ 1894ರ ಕಿಟೆಲ್ ನಿಘಂಟು ನೋಡಿ; ಪದಗಳ ಅರ್ಥದ ಜೊತೆಗೆ ಹಳೆಯ ಗಾದೆಗಳೂ ಅಲ್ಲಿ ಸಿಗುತ್ತವೆ. ಆಮೇಲೆ ಪದ್ಯದ ಅರ್ಥವನ್ನು ನಿಮ್ಮ ಮಾತಿನಲ್ಲಿ ಒಂದು ವಾಕ್ಯವಾಗಿ ಬರೆಯಿರಿ. ಆ ವಾಕ್ಯವನ್ನು ಅವರ ಮುಂದೆ ನಿಂತು ಹೇಳಲು ನಿಮಗೆ ಮುಜುಗರವಾಗದಿದ್ದರೆ ಪದ್ಯ ಕಳಿಸಬಹುದು.