ಲಕೋಟೆ ಒಡೆದವರು ಯಾರು?

ಮೊದಲ ವರ್ಷದ ವಿದ್ಯಾರ್ಥಿಗಳ ಕೈಗೆ ಸಂಶೋಧನಾ ಪ್ರಬಂಧವೊಂದನ್ನು ಕೊಟ್ಟು ನೋಡಿ. ಪೀಠಿಕೆ ಓದುತ್ತಾರೆ, ಕೊನೆಯ ತೀರ್ಮಾನ ಓದುತ್ತಾರೆ, ನಡುವಿನ ‘ವಿಧಾನ’ ಎಂಬ ಭಾಗವನ್ನು ಹಾರಿಸಿಬಿಡುತ್ತಾರೆ. ಅವರನ್ನು ದೂರಿ ಫಲವಿಲ್ಲ. ಆ ಭಾಗವನ್ನು ಬರೆದಿರುವುದು ಅದೇ ಕೆಲಸ ಮಾಡುವ ಇನ್ನೊಬ್ಬ ಸಂಶೋಧಕನಿಗಾಗಿ. ಅವನಿಗೆ ಮೊದಲೇ ಗೊತ್ತಿರುವುದನ್ನೆಲ್ಲ ಬಿಟ್ಟು, ಉಳಿದದ್ದನ್ನು ಒತ್ತೊತ್ತಾಗಿ ತುಂಬಿರುತ್ತಾರೆ. ಆದರೆ ತೀರ್ಮಾನವನ್ನು ನಂಬಬಹುದೋ ಇಲ್ಲವೋ ಎಂಬುದು ಗೊತ್ತಾಗುವುದು ಅಲ್ಲಿಯೇ.

ಇದನ್ನು ಸರಳವಾಗಿ ತಿರುಗಿ ಬರೆಯುವುದೆಂದರೆ ಕಷ್ಟದ ಪದ ತೆಗೆದು ಸುಲಭದ ಪದ ಹಾಕುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ಪದ ಬದಲಿಸುವುದು ಕೆಲಸದ ಚಿಕ್ಕ ಪಾಲು. ಯಾರು, ಯಾವಾಗ, ಏನನ್ನು, ಯಾಕೆ ಮಾಡಿದರು ಎಂಬ ನಾಲ್ಕನ್ನೂ ಮರಳಿ ತರುವುದು ದೊಡ್ಡ ಪಾಲು. ಒಂದೇ ಪ್ರಬಂಧವನ್ನು ಹಿಡಿದು ಇದನ್ನು ಮಾಡಿ ನೋಡೋಣ.

1948ರ ಅಕ್ಟೋಬರ್ 30ರ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಸಂಚಿಕೆಯಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಒಂದು ವರದಿ ಪ್ರಕಟಿಸಿತು. ಶ್ವಾಸಕೋಶದ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೆಲಸ ಮಾಡುತ್ತದೆಯೇ ಎಂಬುದು ಅದರ ಪ್ರಶ್ನೆ. ಮದ್ದು ಅಮೆರಿಕದಲ್ಲಿ 1943ರಲ್ಲಿ ಸಿಕ್ಕಿತ್ತು. ಯುದ್ಧ ಮುಗಿದ ಹೊಸತರಲ್ಲಿ ಬ್ರಿಟನ್ನಿಗೆ ಬರುತ್ತಿದ್ದದ್ದು ತೀರಾ ಸ್ವಲ್ಪ. ಕೇಳಿದವರಿಗೆಲ್ಲ ಕೊಡುವಷ್ಟು ಇಲ್ಲದ್ದರಿಂದ, ಇರುವಷ್ಟನ್ನು ಬಳಸಿ ಕಟ್ಟುನಿಟ್ಟಾದ ಪರೀಕ್ಷೆಯೊಂದನ್ನು ನಡೆಸಲು ಅವರು ನಿರ್ಧರಿಸಿದರು. ಅದರ ಹಿಂದೆ ಇನ್ನೊಂದು ನೆನಪೂ ಇತ್ತು. ಕ್ಷಯಕ್ಕೆ ಚಿನ್ನದ ಲವಣ ಒಳ್ಳೆಯದೆಂದು ವರ್ಷಗಟ್ಟಲೆ ನಂಬಿ, ಸರಿಯಾಗಿ ಹೋಲಿಸಿ ನೋಡದೆ ಕೊಡುತ್ತ ಬಂದಿದ್ದರು.

ವರದಿಯ ವಿಧಾನ ಭಾಗದಲ್ಲಿ ರೋಗಿಗಳನ್ನು ಆರಿಸಿದ ಬಗೆಯನ್ನು ಹೇಳುವ ಮಾತಿನ ಸಾರ ಹೀಗಿದೆ: ಇತ್ತೀಚೆಗೆ ತಗುಲಿದಂತೆ ತೋರುವ, ತೀವ್ರವಾಗಿ ಮುಂದುವರಿಯುತ್ತಿರುವ, ಎರಡೂ ಶ್ವಾಸಕೋಶಗಳಲ್ಲಿರುವ, ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ಖಚಿತವಾದ, ಶ್ವಾಸಕೋಶ ಕುಗ್ಗಿಸುವ ಚಿಕಿತ್ಸೆಗೆ ಒಗ್ಗದ ಕ್ಷಯ; ವಯಸ್ಸು 15ರಿಂದ 25, ಮುಂದೆ ಅದು 30ರವರೆಗೆ. ಇಲ್ಲಿ ಕಷ್ಟದ ಪದ ಒಂದೂ ಇಲ್ಲ, ನೋಡಿ. ಆದರೂ ಓದಿದವರಿಗೆ ಇದೊಂದು ಷರತ್ತುಗಳ ಪಟ್ಟಿ ಎಂದಷ್ಟೇ ಅನಿಸುತ್ತದೆ. ಪ್ರತಿಯೊಂದು ಷರತ್ತಿನ ಹಿಂದೆಯೂ ಒಂದು ಕಾರಣವಿದೆ, ಅದು ಆ ಸಾಲಿನಲ್ಲಿ ಕಾಣುವುದಿಲ್ಲ.

ಕಾರಣ ಬಿಡಿಸಿದರೆ ಹೀಗಾಗುತ್ತದೆ. ಕ್ಷಯ ಹಲವು ಬಗೆಯಲ್ಲಿ ನಡೆಯುವ ಕಾಯಿಲೆ. ಕೆಲವರಲ್ಲಿ ವರ್ಷಗಟ್ಟಲೆ ಎಳೆಯುತ್ತದೆ, ಕೆಲವರಲ್ಲಿ ತಾನಾಗಿ ಇಳಿಯುತ್ತದೆ. ಎಲ್ಲ ಬಗೆಯವರನ್ನೂ ಬೆರೆಸಿ ಮದ್ದು ಕೊಟ್ಟರೆ, ವಾಸಿಯಾದವರು ಮದ್ದಿನಿಂದ ವಾಸಿಯಾದರೋ ತಾವಾಗಿಯೇ ಆದರೋ ಹೇಳಲು ಬರುವುದಿಲ್ಲ. ಅದಕ್ಕೇ ಒಂದೇ ಬಗೆಯ ಕಾಯಿಲೆಯವರನ್ನು, ಹತ್ತಿರ ಹತ್ತಿರದ ವಯಸ್ಸಿನವರನ್ನು ಆರಿಸಿದರು. ಆ ಕಾಲದಲ್ಲಿ ಇದ್ದ ಒಂದು ಮುಖ್ಯ ಚಿಕಿತ್ಸೆಯೆಂದರೆ ಎದೆಗೂಡಿಗೂ ಶ್ವಾಸಕೋಶಕ್ಕೂ ನಡುವೆ ಗಾಳಿ ತುಂಬಿ, ಆ ಕಡೆಯ ಶ್ವಾಸಕೋಶವನ್ನು ಕುಗ್ಗಿಸಿ, ಅದಕ್ಕೆ ವಿಶ್ರಾಂತಿ ಕೊಡುವುದು. ಎರಡೂ ಕಡೆ ಕಾಯಿಲೆ ಹರಡುತ್ತಿರುವವರಿಗೆ ಅದು ಒಗ್ಗುತ್ತಿರಲಿಲ್ಲ. ಅಂಥವರಿಗೆ ವೈದ್ಯರು ಹೇಳಬಹುದಾಗಿದ್ದದ್ದು ಹಾಸಿಗೆಯಲ್ಲಿ ಮಲಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದಷ್ಟೇ. ಆದ್ದರಿಂದ ಅರ್ಧ ಜನರಿಗೆ ಮದ್ದು ಕೊಡದೆ ಬರೀ ವಿಶ್ರಾಂತಿಯಲ್ಲಿ ಇಟ್ಟರೂ, ಬೇರೆಡೆ ಸಿಗಬಹುದಾಗಿದ್ದ ಯಾವುದೇ ಚಿಕಿತ್ಸೆಯನ್ನು ಅವರಿಂದ ಕಿತ್ತುಕೊಂಡಂತೆ ಆಗುತ್ತಿರಲಿಲ್ಲ. ‘ಕುಗ್ಗಿಸುವ ಚಿಕಿತ್ಸೆಗೆ ಒಗ್ಗದ’ ಎಂಬ ಚಿಕ್ಕ ತುಣುಕಿನೊಳಗೆ ಇಷ್ಟು ದೊಡ್ಡ ವಾದ ಅಡಗಿದೆ. ಒಂದು ಸಾಲು ಒಂದು ಪ್ಯಾರಾ ಆಗಿ ಬೆಳೆಯಿತು. ಸರಳ ಬರಹ ಮೂಲಕ್ಕಿಂತ ಚಿಕ್ಕದಿರಬೇಕೆಂಬ ನಿರೀಕ್ಷೆಯನ್ನು ಇಲ್ಲಿ ಬಿಡಬೇಕಾಗುತ್ತದೆ; ವಿಧಾನ ಭಾಗವನ್ನು ಬಿಡಿಸಿದರೆ ಅದು ಸಾಮಾನ್ಯವಾಗಿ ಉದ್ದವೇ ಆಗುತ್ತದೆ.

ಇನ್ನು ಯಾರಿಗೆ ಮದ್ದು, ಯಾರಿಗೆ ಬರೀ ವಿಶ್ರಾಂತಿ ಎಂದು ನಿರ್ಧರಿಸಿದ ಬಗೆ. ಈ ವರದಿ ಇಂದಿಗೂ ನೆನಪಿನಲ್ಲಿ ಉಳಿದಿರುವುದೇ ಈ ಭಾಗಕ್ಕಾಗಿ. ವಿದ್ಯಾರ್ಥಿಗಳು ಇದನ್ನು ಸಂಗ್ರಹಿಸಿ ಬರೆದರೆ ಬರುವ ಸಾಲು ಹೆಚ್ಚೂಕಡಿಮೆ ಹೀಗಿರುತ್ತದೆ: ‘ವೈದ್ಯರು ಯಾರನ್ನೋ ಯಾವ ಗುಂಪಿಗೋ ಹಾಗೇ ಸುಮ್ಮನೆ ಸೇರಿಸಿದರು.’ ಓದಲು ಹಗುರ, ಅರ್ಥ ಮಾತ್ರ ಪೂರ್ತಿ ತಿರುವುಮುರುವು. ವೈದ್ಯರು ಸೇರಿಸಲೇ ಇಲ್ಲ, ಸೇರಿಸುವ ಅವಕಾಶ ಅವರಿಗೆ ಸಿಗದಂತೆ ನೋಡಿಕೊಂಡದ್ದೇ ಇಡೀ ಏರ್ಪಾಡಿನ ತಿರುಳು.

ಮೂಲದಲ್ಲಿ ಇದು ವಿಷಯದ ಪ್ರಕಾರ ಜೋಡಿಸಲ್ಪಟ್ಟಿದೆ: ರೋಗಿಗಳು, ಹಂಚಿಕೆ, ಚಿಕಿತ್ಸೆ, ಫಲಿತಾಂಶದ ಅಳತೆ. ಹೊಸಬರಿಗೆ ಕಾಲದ ಪ್ರಕಾರ ಹೇಳಿದರೆ ಬೇಗ ಹಿಡಿಯುತ್ತದೆ. 22ರ ವಯಸ್ಸಿನ ಒಬ್ಬ ಯುವತಿಯನ್ನು ಕಲ್ಪಿಸಿಕೊಂಡು ಅವಳ ಹಿಂದೆಯೇ ನಡೆಯೋಣ.

ಅವಳ ಎಕ್ಸ್‌ರೇ, ಕಾಯಿಲೆಯ ವಿವರ ಎಲ್ಲ ಮೊದಲು ತಜ್ಞರ ಮಂಡಳಿಯ ಮುಂದೆ ಬರುತ್ತವೆ. ಮೇಲಿನ ಷರತ್ತುಗಳಿಗೆ ಅವಳು ಹೊಂದುತ್ತಾಳೆಂದು ಮಂಡಳಿ ಒಪ್ಪುತ್ತದೆ. ಒಪ್ಪುವಾಗ ಅವಳು ಯಾವ ಗುಂಪಿಗೆ ಹೋಗುತ್ತಾಳೆಂಬುದು ಅಲ್ಲಿ ಯಾರಿಗೂ ಗೊತ್ತಿಲ್ಲ. ಆಮೇಲೆ, ಅವಳು ಆಸ್ಪತ್ರೆಗೆ ಸೇರುವುದಕ್ಕೂ ಮುಂಚೆ, ಕೇಂದ್ರ ಕಚೇರಿಯಲ್ಲಿ ಒಂದು ಮುಚ್ಚಿದ ಲಕೋಟೆಯನ್ನು ಒಡೆಯುತ್ತಾರೆ. ಲಕೋಟೆಯ ಮೇಲೆ ಆಸ್ಪತ್ರೆಯ ಹೆಸರು ಮತ್ತು ಒಂದು ಕ್ರಮಸಂಖ್ಯೆ ಬಿಟ್ಟರೆ ಬೇರೇನೂ ಇಲ್ಲ. ಒಳಗಿನ ಕಾರ್ಡಿನಲ್ಲಿ ‘ಎಸ್’ ಎಂದಿದ್ದರೆ ಸ್ಟ್ರೆಪ್ಟೊಮೈಸಿನ್ ಮತ್ತು ವಿಶ್ರಾಂತಿ, ‘ಸಿ’ ಎಂದಿದ್ದರೆ ವಿಶ್ರಾಂತಿ ಮಾತ್ರ. ಆಸ್ಪತ್ರೆಯ ವೈದ್ಯಾಧಿಕಾರಿಗೆ ಸುದ್ದಿ ತಿಳಿಯುವುದು ಆಮೇಲೆಯೇ. ಕಾರ್ಡುಗಳ ಕ್ರಮವನ್ನು ಮೊದಲೇ ಸಿದ್ಧಮಾಡಿಟ್ಟವರು ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರ್ಯಾಡ್‌ಫರ್ಡ್ ಹಿಲ್. ಯಾವ ನಿಯಮಕ್ಕೂ ಸಿಕ್ಕದೆ ಬರುವ ಸಂಖ್ಯೆಗಳ ಕೋಷ್ಟಕವನ್ನು ನೋಡಿ, ಪ್ರತಿ ಆಸ್ಪತ್ರೆಗೂ, ಅದರಲ್ಲೂ ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ ಕ್ರಮ ಮಾಡಿದ್ದರು. ಆ ಕ್ರಮ ಚಿಕಿತ್ಸೆ ಮಾಡುವವರಿಗೂ ತಿಳಿದಿರಲಿಲ್ಲ, ಪರೀಕ್ಷೆಯ ಸಂಯೋಜಕರಿಗೂ ತಿಳಿದಿರಲಿಲ್ಲ.

ಇಷ್ಟು ಸುತ್ತು ಯಾಕೆ? ಒಬ್ಬರಿಗೆ ಮದ್ದು, ಮುಂದಿನವರಿಗೆ ಇಲ್ಲ ಎಂದು ಸರದಿಯಲ್ಲಿ ಹಂಚಿದ್ದರೆ ಸಾಲದೆ? ಸಾಲದು. ಸರದಿಯಾದರೆ ಮುಂದಿನದು ಏನೆಂದು ವೈದ್ಯರಿಗೆ ಮೊದಲೇ ಗೊತ್ತಾಗುತ್ತದೆ. ಮುಂದಿನದು ಮದ್ದಿನ ಸರದಿ ಎಂದು ತಿಳಿದಾಗ, ಬದುಕುವ ಆಸೆ ಇರುವ ರೋಗಿಯನ್ನು ಈಗಲೇ ಸೇರಿಸೋಣ, ತೀರಾ ಕ್ಷೀಣಿಸಿದವನನ್ನು ನಾಳೆ ನೋಡೋಣ ಎಂದು ಮನಸ್ಸು ವಾಲುತ್ತದೆ. ಇದು ಮೋಸವೆಂದು ಹೇಳುವಂತಿಲ್ಲ, ಕರುಣೆಯಿಂದಲೂ ಆಗಬಹುದು. ಆದರೆ ಮದ್ದಿನ ಗುಂಪಿಗೆ ಗಟ್ಟಿಗರೇ ಬಂದು ಸೇರಿದರೆ ಮದ್ದು ಗೆದ್ದಂತೆ ಕಾಣುತ್ತದೆ.

ಹೀಗೆ ಬರೆದ ಮೇಲೆ ವಿದ್ಯಾರ್ಥಿಗೆ ಅರ್ಥವಾಯಿತೇ ಎಂದು ತಿಳಿಯಲು ನಾನು ‘ಅರ್ಥವಾಯಿತೇ’ ಎಂದು ಕೇಳುವುದಿಲ್ಲ. ಹೂಂ ಎನ್ನುವುದು ನಮ್ಮ ತರಗತಿಗಳ ಮರ್ಯಾದೆ. ‘ನಿನಗೆ ಬೇಕಾದ ರೋಗಿಯನ್ನು ಮದ್ದಿನ ಗುಂಪಿಗೆ ಸೇರಿಸಬೇಕೆಂದರೆ ಎಲ್ಲಿ ಕೈಯಾಡಿಸುತ್ತೀಯ, ಎಲ್ಲಿ ತಡೆ ಬೀಳುತ್ತದೆ?’ ಎಂದು ಕೇಳುತ್ತೇನೆ. ಮಂಡಳಿ ಒಪ್ಪಿದ ಮೇಲೆ ಲಕೋಟೆ ಒಡೆಯುತ್ತಾರೆ, ಅದೂ ಆಸ್ಪತ್ರೆಯಲ್ಲಲ್ಲ, ಕಚೇರಿಯಲ್ಲಿ ಎಂದು ಉತ್ತರ ಬಂದರೆ ಬರಹ ಮುಟ್ಟಿದೆ. ಸಂಗ್ರಹಿಸುವಾಗ ಯಾವ ವಿವರ ಬಿಡಬಾರದೆಂಬುದಕ್ಕೂ ಇದೇ ಅಳತೆಗೋಲು. ‘ಸೇರುವ ಮುಂಚೆ’ ಎಂಬ ಎರಡು ಪದ ಬಿಟ್ಟುಹೋದರೆ ತಡೆಯೊಂದು ಕಾಣೆಯಾಗುತ್ತದೆ. ಆಸ್ಪತ್ರೆಗಳ ಹೆಸರುಗಳನ್ನು ಬಿಟ್ಟರೆ ಏನೂ ಕಳೆಯುವುದಿಲ್ಲ.

ಚಿಕಿತ್ಸೆಯ ಭಾಗದಲ್ಲಿ ಅಂಕಿಗಳನ್ನು ಒಡೆದು ತೋರಿಸಿದರೆ ಸಾಕು. ದಿನಕ್ಕೆ 2 ಗ್ರಾಂ, ಆರು ಗಂಟೆಗೊಮ್ಮೆ ನಾಲ್ಕು ಚುಚ್ಚುಮದ್ದು, ನಾಲ್ಕು ತಿಂಗಳು ಎಂದು ಅಲ್ಲಿದೆ. ಅಂದರೆ ಪ್ರತಿ ಸಲ ಅರ್ಧ ಗ್ರಾಂ, ರಾತ್ರಿ ನಿದ್ದೆಗೆಡಿಸಿಯೂ ಸೇರಿ. ಒಟ್ಟು ಹೆಚ್ಚುಕಡಿಮೆ 480 ಚುಚ್ಚು. ಈ ಲೆಕ್ಕ ಮಾಡಿದೊಡನೆ ಓದುವವರಿಗೆ ತಾವಾಗಿಯೇ ಒಂದು ಪ್ರಶ್ನೆ ಏಳುತ್ತದೆ: ‘ಸಿ’ ಗುಂಪಿನವರಿಗೂ ಬರೀ ನೀರಿನ ಚುಚ್ಚುಮದ್ದು ಕೊಟ್ಟರೇ? ಕೊಡಲಿಲ್ಲ. ಹಾಗಾದರೆ ಯಾರು ಮದ್ದು ಪಡೆದವರು ಎಂಬುದು ವಾರ್ಡಿನಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದವರು ಫಲಿತಾಂಶವನ್ನೂ ಅಳೆದರೆ ಕಣ್ಣು ಒಲವಿನ ಕಡೆ ವಾಲದೇ? ಅದಕ್ಕೆ ವರದಿಯಲ್ಲಿ ಉತ್ತರವಿದೆ. ಎಕ್ಸ್‌ರೇ ಚಿತ್ರಗಳನ್ನು ಇಬ್ಬರು ವಿಕಿರಣ ತಜ್ಞರು ಮತ್ತು ಒಬ್ಬ ವೈದ್ಯರು, ಒಬ್ಬರನ್ನೊಬ್ಬರು ಕೇಳದೆ, ಯಾವ ಗುಂಪಿನವರ ಚಿತ್ರವೆಂದು ತಿಳಿಯದೆ ಓದಿದರು.

ಯಾರು ಮಾಡಿದರು ಎಂಬುದನ್ನು ಮರಳಿ ತರುವಾಗ ಕೆಲವು ಇರುಸುಮುರುಸಿನ ಸಂಗತಿಗಳೂ ಬೆಳಕಿಗೆ ಬರುತ್ತವೆ. ‘ಸಿ’ ರೋಗಿಗಳಿಗೆ ತಾವು ಹೋಲಿಕೆಗಾಗಿ ಇರುವವರೆಂದು ಆಸ್ಪತ್ರೆಯಲ್ಲಿದ್ದಷ್ಟು ಕಾಲವೂ ತಿಳಿದಿರಲಿಲ್ಲ. ಪ್ರಬಂಧದ ದಾಟಿಯಲ್ಲಿ ಇದು ತಣ್ಣಗೆ ಹಾದುಹೋಗುತ್ತದೆ. ‘ವೈದ್ಯರು ಅವರಿಗೆ ಹೇಳಲಿಲ್ಲ, ಒಪ್ಪಿಗೆ ಕೇಳಲಿಲ್ಲ’ ಎಂದು ಬರೆದಾಗ ಮಾತ್ರ ಅದು ಚುಚ್ಚುತ್ತದೆ. ಇಂದಿನ ನಿಯಮಗಳಲ್ಲಿ ಹಾಗೆ ಮಾಡುವಂತಿಲ್ಲ. ಸರಳಗೊಳಿಸುವ ನೆಪದಲ್ಲಿ ಇದನ್ನು ಒರೆಸಿಹಾಕುವುದು ಸರಿಯಲ್ಲ. ಆ ಕಾಲದವರನ್ನು ಬೈಯುತ್ತ ಕೂರುವುದೂ ವಿಧಾನ ಭಾಗದ ಕೆಲಸವಲ್ಲ.

ಸುಮ್ಮನೆ ಬಿಟ್ಟುಬಿಡುವ ಇನ್ನೊಂದು ವಿವರ ಲೆಕ್ಕದ್ದು. ಒಟ್ಟು 109 ಮಂದಿ ಸೇರಿದ್ದರು. ಮೊದಲ ವಾರ ಬರೀ ನೋಡಿಕೊಳ್ಳುವ ಹಂತದಲ್ಲೇ ಇಬ್ಬರು ತೀರಿಕೊಂಡರು. ಅವರನ್ನು ಬಿಟ್ಟು 107: ಮದ್ದಿನ ಗುಂಪಿನಲ್ಲಿ 55, ವಿಶ್ರಾಂತಿಯ ಗುಂಪಿನಲ್ಲಿ 52. ಆರು ತಿಂಗಳ ಕೊನೆಗೆ ಮೊದಲ ಗುಂಪಿನಲ್ಲಿ 4, ಎರಡನೆಯದರಲ್ಲಿ 14 ಮಂದಿ ಸತ್ತಿದ್ದರು. ಇದನ್ನು ‘ಸ್ಟ್ರೆಪ್ಟೊಮೈಸಿನ್ ಕ್ಷಯವನ್ನು ಗುಣಪಡಿಸುತ್ತದೆ’ ಎಂದು ಸರಳಗೊಳಿಸಿದರೆ ಅದು ಸುಳ್ಳಾಗುತ್ತದೆ. ಅಳೆದದ್ದು ಆರು ತಿಂಗಳನ್ನು ಮಾತ್ರ, ಅದೂ ಒಂದು ಬಗೆಯ ಕ್ಷಯವಿದ್ದ ಯುವಕ ಯುವತಿಯರಲ್ಲಿ. ಅದೇ ಆರು ತಿಂಗಳೊಳಗೆ ಹಲವರ ಕಫದಲ್ಲಿ ಮದ್ದಿಗೆ ಬಗ್ಗದ ರೋಗಾಣುಗಳು ಕಾಣಿಸಿಕೊಂಡಿದ್ದವು ಎಂದೂ ವರದಿ ಹೇಳುತ್ತದೆ. ಒಂದೇ ಮದ್ದನ್ನು ನೆಚ್ಚದೆ ಹಲವನ್ನು ಒಟ್ಟಿಗೆ ಕೊಡುವ ಪದ್ಧತಿ ಮುಂದೆ ಬಂದದ್ದು ಈ ಕಾರಣಕ್ಕೆ.

ಮೂಲ ವರದಿ ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಸಿಗುತ್ತದೆ. ಅದರಲ್ಲಿ ಕಫದ ಪರೀಕ್ಷೆ ನಡೆಸಿದ ಬಗೆಯನ್ನು ಹೇಳುವ ಭಾಗವನ್ನು ನಾನು ಇಲ್ಲಿ ಮುಟ್ಟಿಲ್ಲ. ವಿಜ್ಞಾನ ಕಲಿಸುವವರು, ಕಲಿಯುವವರು ಅದನ್ನು ಒಮ್ಮೆ ಕನ್ನಡದಲ್ಲಿ ಬರೆದು ನೋಡಿ. ಪ್ರತಿ ಕ್ರಿಯಾಪದಕ್ಕೂ ಮಾಡಿದವರು ಯಾರೆಂದು ಹುಡುಕುವುದರಿಂದ ಶುರುಮಾಡಿ.