ಹೋಳಿಗೆ ಅಂಗಡಿಯ ವಾಟ್ಸಾಪ್ ಸಂದೇಶ ಹೇಗಿರಬೇಕು?

ಬಡಾವಣೆಯ ಕಾಂಡಿಮೆಂಟ್ಸ್ ಅಂಗಡಿಯಿಂದ ಶ್ರಾವಣ ಶುಕ್ರವಾರ ಬೆಳಿಗ್ಗೆ ಬರುವ ಸಂದೇಶ ಹೆಚ್ಚಾಗಿ ಹೀಗಿರುತ್ತದೆ: "ಶುಭೋದಯ. ನಮ್ಮ ಎಲ್ಲ ಆತ್ಮೀಯ ಗ್ರಾಹಕ ಬಂಧುಗಳಿಗೆ ಶ್ರಾವಣ ಶುಕ್ರವಾರದ ಹಾರ್ದಿಕ ಶುಭಾಶಯಗಳು. ನಮ್ಮಲ್ಲಿ ಶುಚಿ ರುಚಿಯಾದ ಬೇಳೆ ಹೋಳಿಗೆ, ಕಾಯಿ ಹೋಳಿಗೆ, ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಹಪ್ಪಳ, ಚಟ್ನಿಪುಡಿ ಯೋಗ್ಯ ದರದಲ್ಲಿ ದೊರೆಯುತ್ತವೆ. ಒಮ್ಮೆ ಭೇಟಿ ಕೊಡಿ." ಇದರ ಹಿಂದೆ ದೀಪದ ಚಿತ್ರಗಳ ಸಾಲು.

ಫೋನಿನ ಪರದೆಯ ಮೇಲೆ ಮೊದಲು ಕಾಣುವುದು ಸಂದೇಶದ ಆರಂಭ ಮಾತ್ರ. ಇಲ್ಲಿ ಆ ಜಾಗವನ್ನು ಶುಭೋದಯ ಮತ್ತು ಬಂಧುಗಳು ತುಂಬಿಕೊಂಡಿದ್ದಾರೆ, ಹೋಳಿಗೆಯ ಸುಳಿವೇ ಇಲ್ಲ. ಒಗ್ಗರಣೆ ಹಾಕುತ್ತಿರುವ ಕೈ ಅದನ್ನು ಹಾಗೇ ಸರಿಸಿಬಿಡುತ್ತದೆ. ಅದೇ ಅಂಗಡಿ ಹೀಗೆ ಬರೆದರೆ?

"ಸಂಜೆ 4ಕ್ಕೆ ಕಾಯಿ ಹೋಳಿಗೆ ಬಿಸಿಯಾಗಿ ಸಿಗುತ್ತೆ. ಒಂದಕ್ಕೆ 30 ರೂಪಾಯಿ. ಎಷ್ಟು ಬೇಕು ಅಂತ 12 ಗಂಟೆಯೊಳಗೆ ತಿಳಿಸಿದ್ರೆ ಎತ್ತಿಡ್ತೀನಿ. – ಹೋಳಿಗೆ ಅಂಗಡಿ"

ಹೆಂಚಿನ ಮುಂದೆ ನಿಂತವರು ಗಲ್ಲಾದ ಆಚೆಗಿನವರಿಗೆ ಆಡುವ ಮಾತೇ ಇದು. ಒಂದೇ ತಿಂಡಿ, ಸಮಯ, ಬೆಲೆ, ಉತ್ತರವಾಗಿ ಒಂದು ಸಂಖ್ಯೆ. 12 ಗಂಟೆಯ ಗಡುವು ಗಿರಾಕಿಯನ್ನು ಅವಸರಪಡಿಸಲು ಹಾಕಿದ್ದಲ್ಲ. ಕಣಕ ಕಲಸಿ ನೆನೆಯಲು ಬಿಡಬೇಕು, ಕಾಯಿ ತುರಿದು ಹೂರಣ ಕಟ್ಟಬೇಕು. ಅದಕ್ಕೆ ಮೊದಲು ಲೆಕ್ಕ ಸಿಕ್ಕರೆ ಸಂಜೆಗೆ ಹೋಳಿಗೆ ಉಳಿಯುವುದೂ ಇಲ್ಲ, ಕೇಳಿದವರಿಗೆ ಸಾಲದೆ ಬರುವುದೂ ಇಲ್ಲ. ಸುಳ್ಳು ಗಡುವನ್ನು ಜನ ಎರಡನೇ ಸಲಕ್ಕೇ ಗುರುತಿಸುತ್ತಾರೆ.

ಒಂದೇ ಸಂದೇಶ ಇನ್ನೂರು ಜನಕ್ಕೆ ಹೋಗುವಾಗ ಅದು 'ನನಗೇ ಬಂದದ್ದು' ಎನಿಸುವುದು ಹೇಗೆ? ಬ್ರಾಡ್‌ಕಾಸ್ಟ್‌ನಲ್ಲಿ ಒಬ್ಬೊಬ್ಬರ ಹೆಸರು ತಾನಾಗಿ ಸೇರಿಕೊಳ್ಳುವುದಿಲ್ಲ. ಆಪ್ತತೆ ಬರುವುದು ಪಟ್ಟಿ ಒಡೆಯುವುದರಿಂದ. ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು; ಆದರೆ ತುಂಬಿಸಲೇಬೇಕೆಂದೇನೂ ಇಲ್ಲ. ಹೋಳಿಗೆ ಒಯ್ಯುವವರದೊಂದು, ಚಕ್ಕುಲಿ ಕೋಡುಬಳೆಯವರದೊಂದು, ಊರಲ್ಲಿರುವ ಮಗನಿಗೆ ಕಳಿಸಲು ಚಟ್ನಿಪುಡಿ ಕಟ್ಟಿಸಿಕೊಳ್ಳುವವರದೊಂದು ಪಟ್ಟಿ ಮಾಡಿದರೆ, ಸಕ್ಕರೆ ಕಾಯಿಲೆಯಿರುವ ಅಜ್ಜನಿಗೆ ವಾರವಾರ ಹೋಳಿಗೆಯ ಸುದ್ದಿ ಮುಟ್ಟಿಸುವ ಪ್ರಸಂಗ ಬರುವುದಿಲ್ಲ. ಯಾರು ಏನು ಒಯ್ಯುತ್ತಾರೆಂದು ಅಂಗಡಿಯವರಿಗೆ ಹೇಗೂ ಗೊತ್ತು. ಆ ತಿಳಿವಳಿಕೆಯೇ ದೊಡ್ಡ ಮಳಿಗೆಗಳ ಬಳಿ ಇಲ್ಲದ ಬಂಡವಾಳ.

ಇಲ್ಲೊಂದು ತೊಡಕಿದೆ. ಅಂಗಡಿಯ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ತಲುಪುತ್ತದೆ. ಕಳಿಸಿದ ಸಂದೇಶವನ್ನು ಒತ್ತಿ ಹಿಡಿದು ಮಾಹಿತಿ ತೆರೆದರೆ ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಎಂಬುದು ಕಾಣುತ್ತದೆ. ವಾರಗಟ್ಟಲೆ ತಲುಪದವರ ಫೋನಿನಲ್ಲಿ ನಂಬರ್ ಇಲ್ಲದಿರಬಹುದು, ಅಥವಾ ಅವರು ಬ್ಲಾಕ್ ಮಾಡಿರಬಹುದು. ಓದಿದ ಗುರುತನ್ನು ಕೆಲವರು ಮರೆಮಾಡಿರುವುದರಿಂದ ಆ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲ. ಎಷ್ಟು ಉತ್ತರ ಬಂತು ಎನ್ನುವುದೇ ಗಟ್ಟಿ ಅಳತೆ.

ಹಾಗಾಗಿ ನಂಬರ್ ಕೇಳುವುದು ದುಡ್ಡು ಎಣಿಸುವ ಹೊತ್ತಿನಲ್ಲೇ ಆಗಬೇಕು: "ಅಕ್ಕಾ, ಹೋಳಿಗೆ ಮಾಡೋ ದಿನ ಮಾತ್ರ ಒಂದು ಮೆಸೇಜ್ ಹಾಕ್ತೀನಿ, ನಮ್ಮ ನಂಬರ್ ಸೇವ್ ಮಾಡ್ಕೊಳ್ತೀರಾ?" ಅನುಮತಿಯೂ ಸಿಕ್ಕಿತು, ಎಷ್ಟು ಸಲ ಕಳಿಸಬಹುದೆಂಬ ಮಿತಿಯೂ ಗೊತ್ತಾಯಿತು. ಅಪಾರ್ಟ್‌ಮೆಂಟಿನ ಗ್ರೂಪಿನಿಂದ ನಂಬರ್ ಹೆಕ್ಕುವುದು ಮಾತ್ರ ಖಂಡಿತ ಬೇಡ. ಕೇಳದೆ ಬಂದ ಸಂದೇಶವನ್ನು ಜನ ಬ್ಲಾಕ್ ಮಾಡುತ್ತಾರೆ, ವಾಟ್ಸಾಪಿಗೆ ದೂರು ಒತ್ತುತ್ತಾರೆ. ದೂರು ಹೆಚ್ಚಾದರೆ ಅಂಗಡಿಯ ಖಾತೆಯೇ ನಿಂತುಹೋಗಬಹುದು. ಹಬ್ಬದ ಶುಭಾಶಯ, ಹೊಸ ತಿಂಡಿಯ ಫೋಟೊ, ದರಪಟ್ಟಿ ಇವೆಲ್ಲ ಸ್ಟೇಟಸ್‌ಗೆ ಹೋಗಲಿ. ನೋಡಬೇಕೆನಿಸಿದವರು ಅಲ್ಲಿ ನೋಡುತ್ತಾರೆ.

ಬ್ರಾಡ್‌ಕಾಸ್ಟ್‌ಗೆ ಬರುವ ಉತ್ತರ ಅಂಗಡಿಗೆ ಮಾತ್ರ ಕಾಣುತ್ತದೆ. ಗ್ರೂಪಿನಂತೆ ಎಲ್ಲರ ಕಣ್ಣಿಗೂ ಬೀಳುವುದಿಲ್ಲ. ನಿಜವಾದ ಮಾತುಕತೆ ಶುರುವಾಗುವುದು ಅಲ್ಲಿಂದಲೇ. "8" ಎಂದು ಬಂದರೆ ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುವುದಕ್ಕಿಂತ, "8 ಎತ್ತಿಟ್ಟಿದೀನಿ ಅಕ್ಕಾ, ನೀವು ಆಫೀಸಿನಿಂದ ಬರೋದು ತಡ ಅಲ್ವಾ, ಎಂಟರವರೆಗೂ ಅಂಗಡಿ ತೆಗೆದಿರುತ್ತೆ" ಎಂದು ಬರೆಯುವುದು ಎಷ್ಟೋ ಮೇಲು. ಬೆಳಗಿನ ಸಂದೇಶ ಎಲ್ಲರಿಗೂ ಒಂದೇ ಆಗಿತ್ತೆಂಬುದು ಆ ಗಿರಾಕಿಗೆ ನೆನಪೂ ಇರುವುದಿಲ್ಲ. ಲೆಕ್ಕ ಮುಗಿದ ಮೇಲೆ ಕೇಳಿದವರಿಗೂ "ಇವತ್ತು ಆಗಲ್ಲ, ಮುಂದಿನ ಶುಕ್ರವಾರ ನಿಮ್ಮದು ಮೊದಲೇ ಬರ್ಕೊಳ್ಲಾ?" ಎಂಬ ಉತ್ತರ ಹೋಗಲೇಬೇಕು. ಇನ್ನು "ಬೇಡ" ಎಂದವರ ಹೆಸರನ್ನು ಆ ದಿನವೇ ಪಟ್ಟಿಯಿಂದ ತೆಗೆಯಬೇಕು, ಕಾರಣ ಕೇಳಬಾರದು.